ಡೈರಿ ಬೆಳಿಗ್ಗೆ ಬರೆಯಬೇಕೋ, ರಾತ್ರಿಯೋ? ಮನಸ್ಸು ಯಾವಾಗ ಸಿಕ್ಕಾಗುತ್ತದೆ ನೋಡಿ

ನಮ್ಮ ವೈನಿ ಹುಬ್ಬಳ್ಳಿಯಿಂದ ದಿನಾ ಅಣ್ಣಿಗೇರಿ ಕಡೆಯ ಒಂದು ಹಳ್ಳಿ ಶಾಲೆಗೆ ಹೋಗಿಬರುತ್ತಾರೆ. ಕಳೆದ ಮಳೆಗಾಲದಲ್ಲಿ ಅವರಿಗೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ತೋರಿಸಿದ ಡಾಕ್ಟರು ಗುಳಿಗೆಯ ಜೊತೆ ಇನ್ನೊಂದು ಮಾತು ಹೇಳಿ ಕಳಿಸಿದರು: "ಮನಸಿನ್ಯಾಗ ಇದ್ದದ್ದು ದಿನಾ ಒಂದೀಟು ಬರೀರಿ." ವೈನಿ ಅವತ್ತೇ ಇನ್ನೂರು ಪುಟದ ನೋಟ್‌ಬುಕ್ ತಂದರು. ರಾತ್ರಿ ಪಾತ್ರೆ ತೊಳೆದು, ಹಾಸಿಗೆ ಹಾಸಿ, ದಿಂಬಿಗೆ ಒರಗಿ ಬರೆಯಲು ಕೂತರು. ಹತ್ತು ದಿನ ಆದಮೇಲೆ ಫೋನ್ ಮಾಡಿ, "ಬರ್ಯಾಕ ಹತ್ತಿದಮ್ಯಾಲ ಇದ್ದ ನಿದ್ದಿನೂ ಹಾರಿಹೋತು ನೋಡು" ಎಂದರು.

ಈಗ ಈ ಸಲಹೆ ಬಹಳ ಕಡೆ ಕೇಳಿಬರುತ್ತಿದೆ. ಟೆನ್ಶನ್ ಇರುವವರಿಗೆ, ಸಿಟ್ಟು ಜಾಸ್ತಿ ಇರುವವರಿಗೆ, ಪರೀಕ್ಷೆ ಕಟ್ಟಿದ ಮಕ್ಕಳಿಗೆ ಎಲ್ಲರಿಗೂ "ಡೈರಿ ಬರೀರಿ" ಎನ್ನುತ್ತಾರೆ. ಆದರೆ ಯಾವಾಗ ಬರೆಯಬೇಕು, ಏನನ್ನು ಬರೆಯಬೇಕು ಅಂತ ಹೇಳುವವರು ಕಡಿಮೆ. ವೈನಿಯ ತೊಂದರೆ ಇದ್ದದ್ದು ಬರವಣಿಗೆಯಲ್ಲಲ್ಲ. ಅವರ ಸ್ವಭಾವಕ್ಕೆ ಒಗ್ಗದ ಹೊತ್ತಿನಲ್ಲಿ, ಒಗ್ಗದ ರೀತಿಯಲ್ಲಿ ಅವರು ಬರೆಯುತ್ತಿದ್ದರು.

## ಆರಂಭದ ಶಿಲ್ಕು, ಅಖೈರು ಶಿಲ್ಕು

ಬೆಳಗಿನ ಬರವಣಿಗೆ ಮತ್ತು ರಾತ್ರಿಯ ಅವಲೋಕನ ಒಂದೇ ಕೆಲಸದ ಎರಡು ವೇಳೆಗಳಲ್ಲ. ಕೆಲಸವೇ ಬೇರೆ.

ನಮ್ಮ ಕಾಕಾ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸುತ್ತಾರೆ. ಅವರ ರೋಜು ಕೀರ್ದಿಯನ್ನು ನೋಡಿದರೆ ಈ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ. ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಬರೆಯುವುದು ಆರಂಭದ ಶಿಲ್ಕು. ಪೆಟ್ಟಿಗೆಯಲ್ಲಿ ಈಗ ಎಷ್ಟಿದೆ ಅನ್ನುವುದಷ್ಟೇ. ಅದರಲ್ಲಿ ಸರಿ ತಪ್ಪು ಇಲ್ಲ. ರಾತ್ರಿ ಬರೆಯುವುದು ಅಖೈರು ಶಿಲ್ಕು. ಬಂದದ್ದು ಎಷ್ಟು, ಹೋದದ್ದು ಎಷ್ಟು, ಎಲ್ಲಿ ತಾಳೆಯಾಗಲಿಲ್ಲ ಅಂತ ಹುಡುಕುವ ಕೆಲಸ ಅದು. ಅಲ್ಲಿ ಲೆಕ್ಕ ಕೇಳುವವರು ಇರುತ್ತಾರೆ, ಉತ್ತರ ಕೊಡುವವರು ಇರುತ್ತಾರೆ. ಡೈರಿಯಲ್ಲಿ ಇಬ್ಬರೂ ನೀವೇ.

ಬೆಳಗಿನ ಬರವಣಿಗೆ ಅಂದರೆ ಎದ್ದಾಗ ತಲೆಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಹಾಳೆಗೆ ಇಳಿಸುವುದು. ವ್ಯಾಕರಣ, ಚೆಂದ, ಕ್ರಮ ಏನೂ ಬೇಡ. ಇದನ್ನು ಜಗತ್ತಿನಲ್ಲಿ ಬಹಳ ಜನಕ್ಕೆ ರೂಢಿ ಮಾಡಿಸಿದವರು ಅಮೆರಿಕದ ಲೇಖಕಿ ಜೂಲಿಯಾ ಕ್ಯಾಮರಾನ್. 1992ರಲ್ಲಿ ಬಂದ ಅವರ ಪುಸ್ತಕದಲ್ಲಿ ದಿನಾ ಬೆಳಿಗ್ಗೆ ಕೈಬರಹದಲ್ಲಿ ಮೂರು ಪುಟ ಅಂತ ನಿಯಮ ಹಾಕಿದ್ದಾರೆ.

ರಾತ್ರಿಯ ಅವಲೋಕನ ಇದಕ್ಕಿಂತ ಬಹಳ ಹಳೆಯದು. ಸುಮಾರು ಎರಡು ಸಾವಿರ ವರ್ಷದ ಹಿಂದೆ ರೋಮ್‌ನ ತತ್ವಜ್ಞಾನಿ ಸೆನೆಕಾ ತನ್ನ ಪದ್ಧತಿಯನ್ನು ಹೇಳಿಕೊಂಡಿದ್ದಾನೆ. ದೀಪ ಒಯ್ದ ಮೇಲೆ, ಹೆಂಡತಿ ಸುಮ್ಮನಾದ ಮೇಲೆ, ಇಡೀ ದಿನವನ್ನು ಒಂದೊಂದಾಗಿ ತಿರುಗಿ ನೋಡುತ್ತಿದ್ದನಂತೆ. ಏನನ್ನೂ ತನ್ನಿಂದ ಮುಚ್ಚಿಡುತ್ತಿರಲಿಲ್ಲ. ಆದರೆ ತಪ್ಪು ಸಿಕ್ಕಾಗ ಅವನು ಅಲ್ಲೇ ನಿಲ್ಲುತ್ತಿರಲಿಲ್ಲ. ಇನ್ನೊಮ್ಮೆ ಹೀಗೆ ಮಾಡಬೇಡ, ಈ ಸಲ ಕ್ಷಮಿಸಿದ್ದೇನೆ ಅಂತ ತನಗೆ ತಾನೇ ಹೇಳಿ ಮುಂದೆ ಹೋಗುತ್ತಿದ್ದ. ಈ ಕೊನೆಯ ಮಾತು ನೆನಪಿರಲಿ. ರಾತ್ರಿಯ ಬರವಣಿಗೆ ಕೆಲವರಿಗೆ ಯಾಕೆ ಒಗ್ಗುತ್ತದೆ, ಕೆಲವರನ್ನು ಯಾಕೆ ಹಣ್ಣು ಮಾಡುತ್ತದೆ ಅನ್ನುವುದು ಇದರಲ್ಲೇ ಇದೆ.

## ಸ್ವಭಾವ ಅಂದರೆ ಇಲ್ಲಿ ಯಾವುದು?

"ನಾನು ನಸುಕಿನಲ್ಲೇ ಏಳೋನು, ಹಂಗಾಗಿ ಬೆಳಿಗ್ಗೆನೇ ಬರೀತೀನಿ" ಅಂತ ಬಹಳ ಜನ ಹೇಳುತ್ತಾರೆ. ಇದು ಪೂರ್ತಿ ತಪ್ಪಲ್ಲ. ಕೆಲವರ ದೇಹದ ಗಡಿಯಾರ ಬೆಳಿಗ್ಗೆ ಚುರುಕು, ಕೆಲವರದು ಸಂಜೆ. ಇದನ್ನು ತಿಳಿಯಲು 1976ರಲ್ಲೇ ಹಾರ್ನ್ ಮತ್ತು ಓಸ್ಟ್‌ಬರ್ಗ್ ಎಂಬಿಬ್ಬರು 19 ಪ್ರಶ್ನೆಗಳ ಪಟ್ಟಿ ತಯಾರಿಸಿದ್ದಾರೆ. ಆದರೆ ಅದು ಹೇಳುವುದು ನೀವು ಯಾವಾಗ ಎಚ್ಚರವಾಗಿರುತ್ತೀರಿ ಅಂತ. ಯಾವಾಗ ಬರೆದರೆ ಹಗುರವಾಗುತ್ತೀರಿ ಅಂತ ಅಲ್ಲ. ವೈನಿ ರಾತ್ರಿ ಹನ್ನೊಂದಕ್ಕೂ ಚುರುಕಾಗಿಯೇ ಇರುತ್ತಾರೆ. ತೊಂದರೆ ಆದದ್ದೂ ಅದರಿಂದಲೇ.

ಇಲ್ಲಿ ಮುಖ್ಯವಾಗುವ ಸ್ವಭಾವ ಬೇರೆ. ಆಗಿಹೋದದ್ದನ್ನು ನಿಮ್ಮ ಮನಸ್ಸು ಏನು ಮಾಡುತ್ತದೆ?

ತಮ್ಮ ಬಗ್ಗೆ ಯೋಚಿಸುವವರಲ್ಲಿ ಎರಡು ಬಗೆ ಇದೆ ಅಂತ ಕೆನಡಾದ ಮನಶ್ಶಾಸ್ತ್ರಜ್ಞರಾದ ಟ್ರ್ಯಾಪ್ನೆಲ್ ಮತ್ತು ಕ್ಯಾಂಪ್‌ಬೆಲ್ 1999ರಲ್ಲಿ ವಿಂಗಡಿಸಿ ತೋರಿಸಿದರು. ಒಂದು, ಕುತೂಹಲದಿಂದ ನೋಡುವುದು. "ಓಹ್, ನಾನು ಹಿಂಗ್ಯಾಕ ಮಾಡಿದೆ?" ಅನ್ನುವ ಪ್ರಶ್ನೆಗೆ ಉತ್ತರ ಹುಡುಕಿ ಮುಂದೆ ಹೋಗುವುದು. ಇನ್ನೊಂದು, ಮೆಲುಕು ಹಾಕುವುದು. ಅದೇ ಘಟನೆ, ಅದೇ ಮಾತು, ಅದೇ ನಾಚಿಕೆ, ಮತ್ತೆ ಮತ್ತೆ. ದನ ಮೆಲುಕು ಹಾಕಿದರೆ ಮೇವು ಅರಗುತ್ತದೆ. ಮನಸ್ಸು ಮೆಲುಕು ಹಾಕಿದರೆ ಏನೂ ಅರಗುವುದಿಲ್ಲ, ಅದು ಬರೀ ಸುತ್ತು. ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ. ಇಬ್ಬರೂ ಸುಮ್ಮನೆ ಕೂತು ಯೋಚಿಸುತ್ತಿರುತ್ತಾರೆ. ಅದಕ್ಕೇ "ನಾನು ಬಹಳ ಆತ್ಮಾವಲೋಕನ ಮಾಡ್ತೀನಿ" ಅನ್ನುವವರು ನಿಜವಾಗಿ ಯಾವುದನ್ನು ಮಾಡುತ್ತಿದ್ದಾರೆ ಅಂತ ಅವರಿಗೇ ತಿಳಿದಿರುವುದಿಲ್ಲ.

ಮೂರನೇ ಜಾತಿಯ ಜನರೂ ಇದ್ದಾರೆ. ಇವರು ಹಿಂದಕ್ಕೆ ನೋಡುವುದೇ ಇಲ್ಲ. ದಿನ ಇವರ ಮೇಲೆ ಹರಿದುಹೋಗುತ್ತದೆ. ಸಿಟ್ಟು ಬಂತು, ಕೂಗಾಡಿದರು, ಮರೆತರು. ನಮ್ಮ ಕಾಕಾ ಹೀಗೆ.

## ರಾತ್ರಿ ಬರೆದರೆ ನಿದ್ದೆ ಯಾಕೆ ಹಾರುತ್ತದೆ

ವೈನಿ ತಮ್ಮ ನೋಟ್‌ಬುಕ್ಕಿನ ಒಂದು ಪುಟ ತೋರಿಸಿದರು. ಅದನ್ನು ಇಲ್ಲಿ ಹಾಕಲು ಒಪ್ಪಿಗೆಯನ್ನೂ ಕೊಟ್ಟರು.

"ಇವತ್ತು ಹೆಡ್‌ಮಾಸ್ತರ್ರು ಎಲ್ಲರ ಮುಂದೆ ಹಾಜರಿ ಪುಸ್ತಕ ಯಾಕೆ ಪೂರ್ತಿ ಆಗಿಲ್ಲ ಎಂದರು. ನಾನು ಸುಮ್ಮನೆ ನಿಂತೆ. ಯಾಕೆ ಸುಮ್ಮನೆ ನಿಂತೆ? ಎರಡು ದಿನ ಗಣತಿ ಡ್ಯೂಟಿ ಇತ್ತು ಅಂತ ಹೇಳಬಹುದಿತ್ತು. ನಾನು ಯಾವಾಗಲೂ ಹೀಗೇ. ಹೋದ ವರ್ಷ ಬಿಸಿಯೂಟದ ಲೆಕ್ಕದಲ್ಲೂ ಹೀಗೇ ಆಯಿತು. ನನಗೆ ಮಾತಾಡಲಿಕ್ಕೇ ಬರುವುದಿಲ್ಲ."

ಈ ಪುಟ ಹೇಗೆ ಜಾರುತ್ತದೆ ನೋಡಿ. ಮೊದಲ ಎರಡು ವಾಕ್ಯ ಆದದ್ದನ್ನು ಹೇಳುತ್ತವೆ. ಮೂರನೆಯದರಲ್ಲಿ "ಯಾಕೆ" ಬಂತು. ಐದನೆಯದರಲ್ಲಿ "ಯಾವಾಗಲೂ" ಬಂತು. ಆಮೇಲೆ ಹೋದ ವರ್ಷದ ಘಟನೆ ಬಂತು. ಕೊನೆಗೆ ಬಂದದ್ದು ತನ್ನ ಮೇಲೆಯೇ ಒಂದು ತೀರ್ಪು. ಶುರುವಾದದ್ದು ಒಂದು ಹಾಜರಿ ಪುಸ್ತಕದಿಂದ. ಮುಗಿದದ್ದು "ನನಗೆ ಮಾತಾಡಲಿಕ್ಕೇ ಬರುವುದಿಲ್ಲ" ಎಂಬಲ್ಲಿ. ಇದನ್ನು ಬರೆದು ದೀಪ ಆರಿಸಿದವರಿಗೆ ನಿದ್ದೆ ಹೇಗೆ ಬಂದೀತು? ಮೆಲುಕು ಹಾಕುವ ಮನಸ್ಸಿಗೆ ಅಖೈರು ಶಿಲ್ಕು ಬರೆಯಲು ಕೊಟ್ಟರೆ ಅದು ಲೆಕ್ಕ ಮುಗಿಸುವುದಿಲ್ಲ. ಹಳೆಯ ವರ್ಷಗಳ ಕೀರ್ದಿಗಳನ್ನೂ ಅಟ್ಟದಿಂದ ಇಳಿಸಿಕೊಂಡು ಕೂರುತ್ತದೆ. ಸೆನೆಕಾನ ಪದ್ಧತಿಯಲ್ಲಿದ್ದ ಆ ಕ್ಷಮೆಯ ಸಾಲು ಇಲ್ಲಿ ಬರುವುದೇ ಇಲ್ಲ.

ಇನ್ನೂ ಒಂದು ಕಾರಣ ಇದೆ. ಬರೆದ ತಕ್ಷಣ ಮನಸ್ಸು ಹಗುರವಾಗುತ್ತದೆ ಅನ್ನುವುದು ಯಾವಾಗಲೂ ನಿಜವಲ್ಲ. ಅಮೆರಿಕದ ಜೇಮ್ಸ್ ಪೆನ್‌ಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಬದುಕಿನ ನೋವಿನ ಘಟನೆಗಳ ಬಗ್ಗೆ ಬರೆಯಲು ಹೇಳಿದ್ದರು. ನೋವಿನ ಜೊತೆ ಅದರ ಸಂಗತಿಗಳನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಹತ್ತಿರ ಹೋದದ್ದು ಕಡಿಮೆ. ಆದರೆ ಬರೆದು ಮುಗಿಸಿದ ಆ ಹೊತ್ತಿನಲ್ಲಿ ಅವರ ಮನಸ್ಸು ಇನ್ನಷ್ಟು ಭಾರವಾಗಿತ್ತು. ಅಂದರೆ ಲಾಭ ಆಮೇಲೆ ಸಿಗುತ್ತದೆ, ಭಾರ ಮೊದಲು ಬರುತ್ತದೆ. ಆ ಭಾರದ ಹೊತ್ತು ಮಲಗುವ ಹೊತ್ತೇ ಆದರೆ ಕಷ್ಟ ಅಲ್ವಾ?

ಹಾಗಾದರೆ ರಾತ್ರಿ ಏನನ್ನೂ ಬರೆಯಲೇಬಾರದೇ? ಇದಕ್ಕೆ 2018ರ ಒಂದು ಅಧ್ಯಯನ ಒಳ್ಳೆಯ ಉತ್ತರ ಕೊಡುತ್ತದೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ ಮೈಕಲ್ ಸ್ಕಲಿನ್ ಮತ್ತು ಸಂಗಡಿಗರು 57 ಯುವಕ ಯುವತಿಯರನ್ನು ಒಂದು ರಾತ್ರಿ ನಿದ್ರಾ ಪ್ರಯೋಗಾಲಯದಲ್ಲಿ ಮಲಗಿಸಿದರು. ಮಲಗುವ ಮುಂಚೆ ಎಲ್ಲರೂ ಐದು ನಿಮಿಷ ಬರೆಯಬೇಕಿತ್ತು. ಅರ್ಧ ಜನ ಮುಂದಿನ ದಿನಗಳಲ್ಲಿ ಮಾಡಬೇಕಾದ ಕೆಲಸಗಳನ್ನು ಬರೆದರು. ಇನ್ನರ್ಧ ಜನ ಕಳೆದ ದಿನಗಳಲ್ಲಿ ಮಾಡಿ ಮುಗಿಸಿದ್ದನ್ನು ಬರೆದರು. ಮುಗಿದದ್ದನ್ನು ಬರೆದವರಿಗೆ ನೆಮ್ಮದಿಯ ನಿದ್ದೆ ಬಂದೀತು ಅಂತ ನಾವು ಅಂದುಕೊಳ್ಳುತ್ತೇವೆ. ಆದದ್ದು ಉಲ್ಟಾ. ನಾಳಿನ ಕೆಲಸ ಬರೆದವರು ಸರಾಸರಿ ಒಂಬತ್ತು ನಿಮಿಷ ಬೇಗ ನಿದ್ದೆಹೋದರು. ಪಟ್ಟಿಯನ್ನು ಎಷ್ಟು ಬಿಡಿಸಿ ಬರೆದಿದ್ದರೋ ಅಷ್ಟು ಬೇಗ.

ಇದು ಒಂದೇ ರಾತ್ರಿಯ, ಆರೋಗ್ಯವಂತ ಯುವಜನರ ಮೇಲಿನ ಪ್ರಯೋಗ. ಇದನ್ನೇ ಔಷಧಿ ಅಂದುಕೊಳ್ಳಬಾರದು. ಆದರೂ ಇದರ ಹಿಂದಿನ ಕಾರಣ ನಮ್ಮ ಅನುಭವಕ್ಕೆ ಹೊಂದುತ್ತದೆ. ಮುಗಿಯದ ಕೆಲಸವನ್ನು ಮನಸ್ಸು ಬಿಡುವುದಿಲ್ಲ, ಮರೆತುಹೋದೀತು ಅಂತ ಆಗಾಗ ಎಬ್ಬಿಸಿ ನೆನಪಿಸುತ್ತದೆ. ಅದನ್ನು ಹಾಳೆಯ ಮೇಲೆ ಇಟ್ಟರೆ ಕಾವಲು ಕಾಯುವ ಕೆಲಸ ಹಾಳೆಯದಾಗುತ್ತದೆ.

## ವೈನಿ ಏನು ಬದಲಿಸಿದರು

ಹೆಚ್ಚೇನಲ್ಲ. ಎರಡೇ ಬದಲಾವಣೆ.

ರಾತ್ರಿ ಊಟ ಆದ ಮೇಲೆ, ಹಾಸಿಗೆಯಲ್ಲಲ್ಲ, ಅಡುಗೆಮನೆಯ ಕಟ್ಟೆಯ ಹತ್ತಿರ ನಿಂತೇ ಐದು ನಿಮಿಷ ನಾಳಿನ ಪಟ್ಟಿ. ಮೊದಲ ದಿನ ಅವರು "ಹಾಜರಿ ಪುಸ್ತಕ ಮುಗಿಸಬೇಕು" ಅಂತ ಬರೆದಿದ್ದರು. ಇದು ಪಟ್ಟಿಯಲ್ಲ, ಚಿಂತೆ. ಬರೆದ ಮೇಲೂ ತಲೆಯಲ್ಲೇ ಉಳಿಯುತ್ತದೆ. ಎರಡನೇ ದಿನ ಅದನ್ನೇ ಹೀಗೆ ಬರೆದರು: "ನಾಳೆ ಮೂರನೇ ಪಿರಿಯಡ್ ಖಾಲಿ. ಸ್ಟಾಫ್‌ರೂಮಿನಲ್ಲಿ ಕೂತು ಏಳನೇ ತರಗತಿಯ ಎರಡು ದಿನದ ಹಾಜರಿ ತುಂಬುವುದು. ಗಣತಿ ಡ್ಯೂಟಿಯ ಆರ್ಡರ್ ಜೆರಾಕ್ಸ್ ಬ್ಯಾಗಿನಲ್ಲಿ ಇಟ್ಟುಕೊಳ್ಳುವುದು." ಯಾವಾಗ, ಎಲ್ಲಿ, ಯಾವ ಕಾಗದ ಎಲ್ಲಾ ಇದೆ. ಜೆರಾಕ್ಸನ್ನು ಅವರು ಆಗಲೇ ಎದ್ದು ಬ್ಯಾಗಿಗೆ ಹಾಕಿದರಂತೆ.

ಮನಸ್ಸಿನ ಮಾತು ಬೆಳಿಗ್ಗೆಗೆ ಹೋಯಿತು. ಐದೂಮುಕ್ಕಾಲಿಗೆ ಚಹಾ ಇಟ್ಟು, ಅದು ಕುದಿದು ಸೋಸಿದ ಮೇಲೆ, ಆರರಿಂದ ಆರೂಕಾಲರವರೆಗೆ. ಅವರು ಮೂರು ಪುಟದ ನಿಯಮ ಹಿಡಿಯಲಿಲ್ಲ. ಹದಿನೈದು ನಿಮಿಷಕ್ಕೆ ಒಂದೂವರೆ ಪುಟ ಆಗುತ್ತದೆ, ಅಷ್ಟೇ.

ಅದೇ ಹೆಡ್‌ಮಾಸ್ತರರ ವಿಷಯ ಬೆಳಿಗ್ಗೆಯೂ ಬಂತು. ಮೆಲುಕು ಹಾಕುವ ಸ್ವಭಾವ ಗಡಿಯಾರ ನೋಡಿ ಬದಲಾಗುವುದಿಲ್ಲ. ಆದರೆ ಎರಡು ವ್ಯತ್ಯಾಸ ಆಯಿತು. ರಾತ್ರಿ ದಾಟಿದ್ದರಿಂದ ಆ ಮಾತಿನ ಬಿಸಿ ಆರಿತ್ತು. ಮತ್ತೆ, ನನಗೆ ದೊಡ್ಡದಾಗಿ ಕಾಣುವುದು ಇದೇ, ಬೆಳಗಿಗೆ ಒಂದು ಬೇಲಿ ಇದೆ. ಆರೂಕಾಲಿಗೆ ರೊಟ್ಟಿ ಹಿಟ್ಟು ನಾದಬೇಕು, ಏಳೂಮುಕ್ಕಾಲಿಗೆ ಬಸ್ಸು ಹಿಡಿಯಬೇಕು. "ನಾನು ಯಾವಾಗಲೂ ಹೀಗೇ" ಎಂಬ ಸಾಲಿಗೆ ಬರುವ ಹೊತ್ತಿಗೆ ಬರವಣಿಗೆ ನಿಲ್ಲಿಸಲೇಬೇಕು. ರಾತ್ರಿಗೆ ಆ ಬೇಲಿ ಇಲ್ಲ. ಹನ್ನೊಂದು ಹನ್ನೆರಡಾದರೂ ಕೇಳುವವರಿಲ್ಲ.

## ಕಾಕಾನ ಮೂರು ಸಾಲು

ವೈನಿಯ ಕಥೆ ಕೇಳಿ ಕಾಕಾನೂ ಬೆಳಿಗ್ಗೆ ಬರೆಯಲು ಶುರು ಮಾಡಿದರು. ನಾಲ್ಕು ದಿನ ಆದಮೇಲೆ ನೋಡಿದರೆ ಪುಟದಲ್ಲಿ ಇದ್ದದ್ದು ಮೆಣಸಿನಕಾಯಿ ರೇಟು, ಲಾರಿ ನಂಬರು, ಯಾರಿಗೆ ಫೋನ್ ಮಾಡಬೇಕು ಎಂಬ ಪಟ್ಟಿ. "ನನ್ನ ತಲಿಯೊಳಗ ಮುಂಜಾನೆ ಏನೂ ಇರೂದಿಲ್ಲಪಾ" ಎಂದರು. ಅದು ನಿಜ. ಅವರ ಮನಸ್ಸು ಬೆಳಿಗ್ಗೆ ಸಿಕ್ಕಾಗುವುದೇ ಇಲ್ಲ. ಇಲ್ಲದ ಸಿಕ್ಕನ್ನು ಬಿಡಿಸಲು ಕೂತರೆ ಸಿಗುವುದು ಬೇಸರ.

ಅವರಿಗೆ ಬೇಕಿದ್ದದ್ದು ತಿರುಗಿ ನೋಡುವುದು. ಸಿಟ್ಟು ಮಾಡಿದ್ದನ್ನು ಒಂದು ತಾಸಿನಲ್ಲಿ ಮರೆಯುವವರಿಗೆ, ಅದು ಪದೇ ಪದೇ ಆಗುತ್ತಿದೆ ಅಂತಲೇ ಗೊತ್ತಾಗುವುದಿಲ್ಲ. ಸಂಜೆ ಅಂಗಡಿಯಲ್ಲಿ ಕೀರ್ದಿ ಮುಗಿಸಿದ ಮೇಲೆ, ಶಟರ್ ಎಳೆಯುವ ಮುಂಚೆ, ಅದೇ ಪೆನ್ನಿನಲ್ಲಿ ಬೇರೆ ಪುಸ್ತಕದಲ್ಲಿ ಮೂರು ಸಾಲು ಬರೆಯಲು ಶುರು ಮಾಡಿದರು. ಏನಾಯಿತು. ಅದಕ್ಕೆ ಮುಂಚೆ ಏನಿತ್ತು. ನಾಳೆ ಏನು. ಒಂದು ದಿನದ್ದು ಹೀಗಿದೆ:

"ತೂಕದ ವಿಷಯಕ್ಕೆ ಹಮಾಲರ ಹುಡುಗನಿಗೆ ಬೈದೆ, ತಪ್ಪು ಅವನದಲ್ಲ. ಆಗ ಮೂರು ಗಂಟೆ, ಊಟ ಆಗಿರಲಿಲ್ಲ. ನಾಳೆ ಅವನಿಗೆ ಚಹಾ ಕೊಡಿಸಿ ಹೇಳುವುದು, ಒಂದೂವರೆಗೆ ಡಬ್ಬಿ ಬಿಚ್ಚುವುದು."

ಎರಡನೇ ಸಾಲಿನಲ್ಲಿ "ಯಾಕೆ" ಎಂಬ ಪ್ರಶ್ನೆ ಇಲ್ಲ ಅನ್ನುವುದನ್ನು ಗಮನಿಸಿ. ಯಾಕೆ ಅಂತ ಕೇಳಿದರೆ ಮನಸ್ಸು "ಅವನದೇ ತಪ್ಪು" ಎನ್ನುತ್ತದೆ, ಇಲ್ಲವೇ "ನನ್ನ ಸ್ವಭಾವವೇ ಕೆಟ್ಟದ್ದು" ಎನ್ನುತ್ತದೆ. ಎರಡರಿಂದಲೂ ನಾಳೆ ಮಾಡಲು ಏನೂ ಸಿಗುವುದಿಲ್ಲ. ಅದಕ್ಕೆ ಮುಂಚೆ ಏನಿತ್ತು ಅಂತ ಕೇಳಿದರೆ ಗಂಟೆ, ಜಾಗ, ಹಸಿವು, ಫೋನು ಇಂಥವು ಸಿಗುತ್ತವೆ. ಹನ್ನೆರಡು ದಿನದ ಪುಟಗಳನ್ನು ಒಟ್ಟಿಗೆ ಓದಿದಾಗ ಐದು ಜಗಳಗಳಲ್ಲಿ ನಾಲ್ಕು ಮಧ್ಯಾಹ್ನದ ಊಟ ತಪ್ಪಿದ ದಿನವೇ ಆಗಿದ್ದವು. ಮೂರನೇ ಸಾಲು ಸೆನೆಕಾನ ಕ್ಷಮೆಯ ಜಾಗದಲ್ಲಿದೆ. ಅದು ಬರೆದಾದ ಮೇಲೆ ಪುಸ್ತಕ ಮುಚ್ಚಬಹುದು. ಅವಲೋಕನ ಅಂಗಡಿಯಲ್ಲೇ ಮುಗಿಯುವುದರಿಂದ ಮನೆಗೆ ಬರುವುದೂ ಇಲ್ಲ.

ಮನೆ, ಮಕ್ಕಳು, ಕೆಲಸದ ವೇಳೆ ಇವುಗಳಿಂದಾಗಿ ಮೆಲುಕು ಹಾಕುವ ಸ್ವಭಾವದವರಿಗೂ ಕೆಲವೊಮ್ಮೆ ರಾತ್ರಿ ಬಿಟ್ಟರೆ ಬೇರೆ ಹೊತ್ತು ಸಿಗುವುದಿಲ್ಲ. ಅಂಥವರಿಗೂ ಈ ಮೂರು ಸಾಲೇ ವಾಸಿ. ಜೊತೆಗೆ "ನಾನು" ಎನ್ನುವ ಕಡೆ ತಮ್ಮ ಹೆಸರನ್ನೇ ಹಾಕಿ, ಬೇರೆಯವರ ವಿಷಯ ಹೇಳುವ ಹಾಗೆ ಬರೆದು ನೋಡಬಹುದು. ತಮ್ಮ ಬಗ್ಗೆ ಹೀಗೆ ಸ್ವಲ್ಪ ದೂರ ನಿಂತು ಯೋಚಿಸಿದರೆ ಆ ಘಟನೆಯ ಉರಿ ಕಡಿಮೆಯಾಗುತ್ತದೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಈಥನ್ ಕ್ರಾಸ್ ಮತ್ತು ಅವರ ಸಂಗಡಿಗರ ಪ್ರಯೋಗಗಳು ತೋರಿಸಿವೆ. ಗೆಳತಿಯ ತಪ್ಪಿಗೆ ನಾವು ಕೊಡುವ ರಿಯಾಯಿತಿ ಆಗ ನಮಗೂ ಸಿಗುತ್ತದೆ.

## ಬೆಳಗಿನ ಬರವಣಿಗೆ ಎಲ್ಲಿ ಕೆಡುತ್ತದೆ

ಎದ್ದ ತಕ್ಷಣ ಪೆನ್ನು ಹಿಡಿದರೆ ಮೊದಲ ಹದಿನೈದು ಇಪ್ಪತ್ತು ನಿಮಿಷ ತಲೆ ಮಂಜು ಮಂಜಾಗಿರುವುದು ಸಹಜ, ಕೆಲವರಿಗೆ ಇನ್ನೂ ಜಾಸ್ತಿ. "ನನಗೆ ಬರೆಯಲು ಬರುವುದಿಲ್ಲ" ಅಂತ ಆಗಲೇ ತೀರ್ಮಾನಿಸಬೇಡಿ. ಮುಖ ತೊಳೆದು, ಚಹಾ ಕುಡಿದು ಕೂತರೆ ಸಾಕು. ಮೊಬೈಲ್ ಮಾತ್ರ ಅದಕ್ಕೂ ಮುಂಚೆ ಬರಬಾರದು. ಒಂದು ಮೆಸೇಜ್ ಓದಿದರೆ ಆ ದಿನದ ಪುಟವೆಲ್ಲ ಅದಕ್ಕೆ ಉತ್ತರವಾಗಿಬಿಡುತ್ತದೆ.

ನಮ್ಮ ಕಡೆ ಇನ್ನೊಂದು ಅಡ್ಡಿ ಇದೆ. ಹುಬ್ಬಳ್ಳಿ ಧಾರವಾಡದ ಬಹಳಷ್ಟು ಓಣಿಗಳಲ್ಲಿ ನಳದ ನೀರು ದಿನಾ ಬರುವುದಿಲ್ಲ. ಬಂದ ದಿನ ನಸುಕಿನಲ್ಲೇ ಮೋಟಾರು, ಕೊಡ, ಡ್ರಮ್ಮು ಅಂತ ಓಡಾಟ. ಆ ದಿನ ಬರವಣಿಗೆ ತಪ್ಪಿದರೆ ತಪ್ಪಲಿ. ವೈನಿ ಅಂಥ ದಿನ ಪುಟದ ಮೇಲೆ "ನೀರು" ಅಂತಷ್ಟೇ ಬರೆದು ಬಿಡುತ್ತಾರೆ. ಅದನ್ನು ರಾತ್ರಿ ತುಂಬಿಸಲು ಹೋಗುವುದಿಲ್ಲ.

## ನಿಮಗೆ ಯಾವುದು, ಎರಡು ವಾರದಲ್ಲಿ ತಿಳಿಯುವುದು ಹೇಗೆ

ಒಂದು ವಾರ ಬೆಳಿಗ್ಗೆ ಹದಿನೈದು ನಿಮಿಷ ಬರೆಯಿರಿ. ಇನ್ನೊಂದು ವಾರ ಸಂಜೆ ಮೂರು ಸಾಲು ಬರೆಯಿರಿ. ಬರೆದದ್ದು ಚೆಂದ ಇದೆಯೋ ಇಲ್ಲವೋ ನೋಡಬೇಡಿ. ಪ್ರತಿ ಪುಟದ ಮೂಲೆಯಲ್ಲಿ ಎರಡೇ ಗುರುತು ಹಾಕಿ. ಹಿಂದಿನ ರಾತ್ರಿ ದೀಪ ಆರಿಸಿದ ಮೇಲೆ ಅಂದಾಜು ಎಷ್ಟು ಹೊತ್ತಿಗೆ ನಿದ್ದೆ ಬಂತು ಅನ್ನುವುದು ಒಂದು. ಪುಟದಲ್ಲಿ "ಯಾವಾಗಲೂ", "ಯಾಕೆ ನಾನು", "ಇನ್ನೂ ಮುಂದೆ ಹೀಗೇ" ಇಂಥ ಮಾತು ಎಷ್ಟು ಸಲ ಬಂತು ಅನ್ನುವುದು ಇನ್ನೊಂದು.

ಸಂಜೆಯ ವಾರದಲ್ಲಿ ಈ ಮಾತುಗಳು ದಿನದಿಂದ ದಿನಕ್ಕೆ ಹೆಚ್ಚಾಗಿ ನಿದ್ದೆಯೂ ದೂರವಾದರೆ ನೀವು ವೈನಿಯ ಕಡೆಯವರು. ಬೆಳಗಿನ ವಾರದಲ್ಲಿ ಪುಟ ಬರೀ ಕೆಲಸದ ಪಟ್ಟಿಯಾಗಿ, ಸಂಜೆ ಮೂರು ಸಾಲಿನಲ್ಲಿ "ಅರೆ, ಇದು ಮೊನ್ನೆನೂ ಆಗಿತ್ತಲ್ಲ" ಅಂತ ಅನ್ನಿಸಿದರೆ ಕಾಕಾನ ಕಡೆಯವರು. ಮದುವೆ, ಪರೀಕ್ಷೆ, ಮನೆಯಲ್ಲಿ ಕಾಯಿಲೆ ಇರುವ ವಾರಗಳಲ್ಲಿ ಈ ಪರೀಕ್ಷೆ ಮಾಡಬೇಡಿ, ಫಲ ತಪ್ಪು ಬರುತ್ತದೆ.

ಎರಡೂ ಹೊತ್ತಿನಲ್ಲಿ ಒಂದೇ ವಿಷಯ ಸುತ್ತುತ್ತಿದ್ದು, ವಾರಗಟ್ಟಲೆ ನಿದ್ದೆ ಊಟ ಕೆಟ್ಟಿದ್ದರೆ, ಬದುಕೇ ಬೇಡ ಎಂಬ ಮಾತು ಪುಟದಲ್ಲಿ ಒಮ್ಮೆ ಬಂದರೂ, ಅದು ನೋಟ್‌ಬುಕ್ಕಿನಿಂದ ಬಿಡಿಸುವ ಸಿಕ್ಕಲ್ಲ. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ. ಹೋಗುವಾಗ ಆ ನೋಟ್‌ಬುಕ್ಕನ್ನೂ ಒಯ್ಯಿರಿ. ಮೂಲೆಯಲ್ಲಿ ಹಾಕಿದ ನಿದ್ದೆಯ ಗುರುತುಗಳು ಡಾಕ್ಟರಿಗೆ ಕೆಲಸಕ್ಕೆ ಬರುತ್ತವೆ. ವೈನಿ ಮುಂದಿನ ಸಲ ತೋರಿಸಲು ಹೋದಾಗ ಡಾಕ್ಟರು ಬೇರೆ ಏನನ್ನೂ ಓದದೆ, ಆ ಮೂಲೆಗಳನ್ನಷ್ಟೇ ಒಂದೊಂದಾಗಿ ತಿರುವಿ ನೋಡಿದರು.